ಅಮೆರಿಕದಲ್ಲೇ ಬೆಂಕಿ ಬಿದ್ದಾಗ ಡಾಲರ್ ಏಕೆ ಏರಿತು?

ಮೂಡಿಗೆರೆ_ತೋಟ

ಬಹಳ ವರ್ಷಗಳಿಂದ ತಲೆಯಲ್ಲಿ ಕುಳಿತಿರುವ ಪ್ರಶ್ನೆ ಇದು. ಮೂಡಿಗೆರೆ ಕಡೆ ನಮ್ಮದು ಹದಿನಾಲ್ಕು ಎಕರೆ ತೋಟ. ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ, ಮರಗಳಿಗೆ ಮೆಣಸಿನ ಬಳ್ಳಿ. ನಮ್ಮ ತಂದೆಗೆ ಒಂದು ಅಭ್ಯಾಸವಿತ್ತು. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಡಾಲರ್ ದರವನ್ನು ಪಲ್ಪರ್ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. 2008ರ ಆರಂಭದಲ್ಲಿ ಆ ಬಾಗಿಲ ಮೇಲೆ 39 ಇತ್ತು. ಅದೇ ವರ್ಷದ ಕೊನೆಗೆ, ಅರೇಬಿಕಾ ಕೊಯ್ಲಿನ ಹೊತ್ತಿಗೆ, 50ರ ಆಸುಪಾಸಿಗೆ ಬಂದಿತ್ತು.

ಆ ವರ್ಷ ಮುಳುಗಿದ್ದು ನಮ್ಮ ಬ್ಯಾಂಕುಗಳಲ್ಲ, ಅಮೆರಿಕದವು. ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ದಿವಾಳಿಯಾಯಿತು. ಹಾಗಿದ್ದ ಮೇಲೆ ಬೀಳಬೇಕಾಗಿದ್ದದ್ದು ಡಾಲರ್ ತಾನೇ? ಮನೆಗೆ ಬೆಂಕಿ ಬಿದ್ದರೆ ಜನ ಹೊರಗೆ ಓಡುತ್ತಾರೆ. ಇಲ್ಲಿ ಎಲ್ಲರೂ ಉರಿಯುವ ಮನೆಯೊಳಕ್ಕೇ ನುಗ್ಗಿದರು. ತಂದೆಯವರನ್ನು ಕೇಳಿದಾಗ "ಅಮೆರಿಕ ದೊಡ್ಡದು, ಅದಕ್ಕೇ" ಎಂದರು. ಅವರು ಈಗ ಇಲ್ಲ, ಆ ಉತ್ತರ ನನಗೆ ಈಗಲೂ ಸಾಲದು. ತಿಳಿದವರು ಬಿಡಿಸಿ ಹೇಳಿ.

ಉಪನ್ಯಾಸಕ_ಕಡೂರು

ಇದರಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಬಿಕ್ಕಟ್ಟು ಬಂದಾಗ ಹೂಡಿಕೆದಾರರು ಬಲವಾದ ಆರ್ಥಿಕತೆಯ ಕರೆನ್ಸಿಯನ್ನು ಹುಡುಕುತ್ತಾರೆ. ಡಾಲರ್, ಜಪಾನಿನ ಯೆನ್, ಸ್ವಿಸ್ ಫ್ರಾಂಕ್, ಈ ಮೂರು ಸುರಕ್ಷಿತ ತಾಣಗಳು. ಅಮೆರಿಕದ ಬಳಿ ಅತಿ ಹೆಚ್ಚು ಚಿನ್ನವಿದೆ, ಸ್ವಿಸ್ ಫ್ರಾಂಕಿಗೆ ಚಿನ್ನದ ಬೆಂಬಲವಿದೆ, ಜಪಾನ್ ಶಿಸ್ತಿನ ದೇಶ. ಕಾನೂನು, ನ್ಯಾಯಾಲಯ, ಸೇನೆ ಎಲ್ಲವೂ ಗಟ್ಟಿಯಾಗಿರುವ ಕಡೆ ಹಣ ಹೋಗುತ್ತದೆ. ನಂಬಿಕೆಯೇ ಇದರ ಮೂಲ.

ಹಾಸನ_ನಿವೃತ್ತ

ಮುಂಬೈಯಲ್ಲಿ ಒಂದು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕುಳಿತವನು ನಾನು. 2008ರಲ್ಲೂ ಅದೇ ಕುರ್ಚಿಯಲ್ಲಿದ್ದೆ. ಉಪನ್ಯಾಸಕರು ಹೇಳಿದ ಕಾನೂನು, ನ್ಯಾಯಾಲಯದ ಮಾತು ಸರಿ. ಚಿನ್ನದ ಮಾತು ಸರಿಯಲ್ಲ. ಡಾಲರಿಗೂ ಚಿನ್ನಕ್ಕೂ ಇದ್ದ ಕೊಂಡಿ 1971ರಲ್ಲೇ ಕಳಚಿತು, ಫ್ರಾಂಕಿನದು 2000ದಲ್ಲಿ. ಇನ್ನು ನಂಬಿಕೆಯ ಮಾತು. ನಂಬಿಕೆಯೊಂದರಿಂದಲೇ 2008ನ್ನು ವಿವರಿಸಲು ಆಗುವುದಿಲ್ಲ, ಏಕೆಂದರೆ ಆ ಸೆಪ್ಟೆಂಬರಿನಲ್ಲಿ ಅಮೆರಿಕದ ಬ್ಯಾಂಕುಗಳ ಮೇಲೆ ಯಾರಿಗೂ ನಂಬಿಕೆ ಉಳಿದಿರಲಿಲ್ಲ.

ಬೆಳೆಗಾರರೇ, ನಿಮ್ಮ ಬೆಂಕಿಯ ಹೋಲಿಕೆಯನ್ನು ಬಿಟ್ಟು ಇದನ್ನು ನೋಡಿ. ನಮ್ಮ ಅಜ್ಜನ ಕಾಲದಲ್ಲಿ ಆಲೂರು ಕಡೆ ಭತ್ತದ ಸಾಲ ಇತ್ತು. ಧಣಿಯ ಕಣಜದಿಂದ ಹತ್ತು ಪಲ್ಲ ಭತ್ತ ತಂದರೆ ಸುಗ್ಗಿಯಲ್ಲಿ ಹನ್ನೆರಡು ಪಲ್ಲ ಅಳೆದುಕೊಡಬೇಕು. ದುಡ್ಡು ಕೊಟ್ಟರೆ ನಡೆಯದು, ಭತ್ತವನ್ನೇ ಕೊಡಬೇಕು. ಒಂದು ವರ್ಷ ಮಳೆ ಕೈಕೊಟ್ಟಿತು ಎಂದುಕೊಳ್ಳಿ. ಧಣಿಯ ಗದ್ದೆಯೂ ಒಣಗಿತು. ಆಗ ಊರಿನಲ್ಲಿ ಭತ್ತದ ಬೆಲೆ ಇಳಿಯುತ್ತದೆಯೋ ಏರುತ್ತದೆಯೋ? ಧಣಿಯ ಮೇಲೆ ಯಾರಿಗೂ ಪ್ರೀತಿ ಉಕ್ಕಿದ್ದರಿಂದ ಅದು ಏರುವುದಿಲ್ಲ. ಎಲ್ಲರ ಸಾಲವೂ ಭತ್ತದಲ್ಲೇ ಇರುವುದರಿಂದ ಏರುತ್ತದೆ.

ಜಗತ್ತಿನ ಸಾಲ ಡಾಲರಿನಲ್ಲಿದೆ. 2020ರ ಆರಂಭದಲ್ಲಿ ಅಮೆರಿಕದ ಹೊರಗಿನ ಕಂಪನಿಗಳು, ಸರ್ಕಾರಗಳು ಡಾಲರಿನಲ್ಲಿ ತೆಗೆದುಕೊಂಡಿದ್ದ ಸಾಲವೇ ಸುಮಾರು 12 ಲಕ್ಷ ಕೋಟಿ ಡಾಲರ್. ಇದರಲ್ಲಿ ಬ್ಯಾಂಕುಗಳು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಂಡದ್ದು ಸೇರಿಲ್ಲ.

2008ರಲ್ಲಿ ಆದದ್ದು ಇದು. ಯೂರೋಪಿನ ಬ್ಯಾಂಕುಗಳು ಅಮೆರಿಕದ ಗೃಹಸಾಲದ ಪತ್ರಗಳನ್ನು ರಾಶಿರಾಶಿಯಾಗಿ ಕೊಂಡಿದ್ದವು. ಅದಕ್ಕೆ ಬೇಕಾದ ಡಾಲರ್ ಅವರ ಸ್ವಂತದ್ದಾಗಿರಲಿಲ್ಲ. ಜನರ ಹಣ ಕೂಡಿಸಿ ಅಲ್ಪಾವಧಿಗೆ ಸಾಲ ಕೊಡುವ ಅಮೆರಿಕದ ಮನಿ ಮಾರ್ಕೆಟ್ ಫಂಡ್‌ಗಳಿಂದ ವಾರಕ್ಕೆ, ತಿಂಗಳಿಗೆ ಎಂದು ಕೈಗಡ ತಂದು, ತೀರಿಸಿ, ಮತ್ತೆ ತರುತ್ತಿದ್ದರು. ಲೇಮನ್ ಬಿದ್ದ ಮರುದಿನ ಅಂಥ ಒಂದು ದೊಡ್ಡ ಫಂಡ್, ರಿಸರ್ವ್ ಪ್ರೈಮರಿ, ತನ್ನ ಒಂದು ಡಾಲರಿನ ಮೌಲ್ಯವನ್ನು ಉಳಿಸಿಕೊಳ್ಳಲಾಗದೆ ಕೆಳಗಿಳಿಯಿತು. ಠೇವಣಿದಾರರು ಹಣ ಹಿಂತೆಗೆಯಲು ಮುಗಿಬಿದ್ದರು, ಫಂಡ್‌ಗಳು ಕೈಗಡ ನಿಲ್ಲಿಸಿದವು. ಗೃಹಸಾಲದ ಪತ್ರಗಳನ್ನು ಕೇಳುವವರಿಲ್ಲ, ಕೈಗಡದ ವಾಯಿದೆ ಮಾತ್ರ ನಾಳೆಗೇ. ಯೂರೋಪಿನ ಬ್ಯಾಂಕಿಗೆ ಉಳಿದದ್ದು ಒಂದೇ ದಾರಿ, ಕೈಯಲ್ಲಿದ್ದ ಯೂರೋ ಮಾರಿ ಡಾಲರ್ ಕೊಳ್ಳುವುದು. ಜುಲೈನಲ್ಲಿ ಒಂದು ಯೂರೋಗೆ 1.60 ಡಾಲರ್ ಇದ್ದದ್ದು ಅಕ್ಟೋಬರ್ ಕೊನೆಗೆ 1.25ರ ಹತ್ತಿರಕ್ಕೆ ಕುಸಿದದ್ದರಲ್ಲಿ ಈ ಒದ್ದಾಟದ ಪಾಲು ದೊಡ್ಡದು.

ಅಮ್ಮ_ಬೇಲೂರು

ನಮಸ್ಕಾರ. ನನ್ನ ಮಗ ಓದಲು ಜರ್ಮನಿಗೆ ಹೊರಟಿದ್ದಾನೆ. ಅಲ್ಲಿನ ವೀಸಾಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷಕ್ಕೆ 11,904 ಯೂರೋ ಇಡಬೇಕು ಎಂದಿದ್ದಾರೆ. ಡಾಲರ್ ಏರುತ್ತದೆ ಎಂದು ನೀವೆಲ್ಲ ಹೇಳುತ್ತಿರುವುದರಿಂದ ಈಗಲೇ ಹಣ ಕಳಿಸಿಬಿಡಲೇ? ಅಥವಾ ಯುದ್ಧದ ಸುದ್ದಿ ತಣ್ಣಗಾಗಲಿ ಎಂದು ಕಾಯಲೇ?

ಹಾಸನ_ನಿವೃತ್ತ

ಅಮ್ಮಾ, ಡಾಲರ್ ಏರುತ್ತದೆ ಎಂದು ನಾನು ಭವಿಷ್ಯ ಹೇಳಲಿಲ್ಲ, ಹಿಂದೆ ಏಕೆ ಏರಿತು ಎಂದು ಹೇಳಿದೆ, ಅಷ್ಟೆ. ಮೇಲಾಗಿ ನಿಮಗೆ ಬೇಕಾದದ್ದು ಯೂರೋ. ಬಿಕ್ಕಟ್ಟಿನಲ್ಲಿ ಡಾಲರಿನ ಎದುರು ರೂಪಾಯಿಯೂ ಬೀಳುತ್ತದೆ, ಯೂರೋವೂ ಬೀಳುವುದುಂಟು. ಎರಡೂ ಬಿದ್ದರೆ ಅವುಗಳ ನಡುವಿನ ದರ ಅಷ್ಟೊಂದು ಅಲುಗಾಡದೆಯೂ ಇರಬಹುದು. ವೀಸಾದ ದಿನಾಂಕ ಗೊತ್ತಿದ್ದರೆ ದರದ ಹಿಂದೆ ಓಡಬೇಡಿ, ಬೇಕಾದಾಗ ಕಳಿಸಿ. ಈ ಹಣ ನಿಮ್ಮ ಪಾಲಿಗೆ ತೀರಿಸಲೇಬೇಕಾದ ಸಾಲವಿದ್ದಂತೆ. ಅದನ್ನಿಟ್ಟುಕೊಂಡು ಜೂಜಾಡಬಾರದು.

ಅಮ್ಮ_ಬೇಲೂರು

ಧನ್ಯವಾದ. ಮುಂದಿನ ವಾರವೇ ಬ್ಯಾಂಕಿಗೆ ಹೋಗುತ್ತೇನೆ.

ಸಕಲೇಶಪುರ_ಓದುಗಿ

ನಿವೃತ್ತರೇ, ಡಾಲರಿನ ವಿಷಯ ಒಪ್ಪಿದೆ. ಆದರೆ ಯೆನ್? ಜಗತ್ತು ಯಾರಿಗೂ ಯೆನ್‌ನಲ್ಲಿ ಅಷ್ಟು ಸಾಲ ಬಾಕಿ ಇಲ್ಲವಲ್ಲ. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ, ಸುನಾಮಿ, ಅಣುಸ್ಥಾವರದ ಅವಘಡ, ಮೂರೂ ಒಟ್ಟಿಗೆ ಬಂದವು. ಆರು ದಿನಗಳಲ್ಲಿ ಯೆನ್ ಬೀಳುವ ಬದಲು ಏರಿ, ಒಂದು ಡಾಲರ್ ಕೊಳ್ಳಲು 76ರ ಹತ್ತಿರ ಯೆನ್ ಸಾಕು ಎನ್ನುವಂತಾಯಿತು. ಜಿ-7 ದೇಶಗಳು ಒಟ್ಟಾಗಿ ಯೆನ್ ಮಾರಿ ಅದನ್ನು ಕೆಳಗಿಳಿಸಬೇಕಾಯಿತು. ಪೆಟ್ಟು ತಿಂದ ದೇಶದ ದುಡ್ಡೇ ಏರಿದ್ದು ಹೇಗೆ?

ಹಾಸನ_ನಿವೃತ್ತ

ಒಳ್ಳೆಯ ಪ್ರಶ್ನೆ. ಯೆನ್‌ನಲ್ಲೂ ಸಾಲವಿದೆ, ಆದರೆ ಅದನ್ನು ತಂದವರು ಬೇರೆ ಜಾತಿಯವರು. ಜಪಾನಿನಲ್ಲಿ ಬಡ್ಡಿ ಬಹಳ ಕಾಲ ಸೊನ್ನೆಯ ಹತ್ತಿರವೇ ಇತ್ತು. ಅಲ್ಲಿ ಯೆನ್ ಸಾಲ ತಂದು, ಡಾಲರಿಗೆ ಬದಲಿಸಿ, ಹೆಚ್ಚು ಬಡ್ಡಿಯ ಕಡೆ ಹೂಡುವುದು ದೊಡ್ಡ ದಂಧೆ. ಇದಕ್ಕೆ ಕ್ಯಾರಿ ಟ್ರೇಡ್ ಎನ್ನುತ್ತಾರೆ. ಇದರ ಜೊತೆಗೆ ಜಪಾನಿನ ವಿಮಾ ಕಂಪನಿಗಳು, ಪಿಂಚಣಿ ನಿಧಿಗಳು ಹೊರದೇಶಗಳಲ್ಲಿ ಅಪಾರ ಹೂಡಿಕೆ ಇಟ್ಟಿವೆ. ಪರಿಹಾರ ಕೊಡಲು ಆ ಹಣವನ್ನು ಅವು ಮನೆಗೆ ತರುತ್ತವೆ ಎಂದು 2011ರಲ್ಲಿ ಸಟ್ಟಾಗಾರರು ಮೊದಲೇ ಯೆನ್ ಕೊಳ್ಳತೊಡಗಿದರು.

ಕ್ಯಾರಿ ಟ್ರೇಡಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡಿದರೆ ಈ ಓಟ ಅರ್ಥವಾಗುತ್ತದೆ. 2024ರ ಜುಲೈ ಆರಂಭದಲ್ಲಿ ಡಾಲರಿಗೆ ಸುಮಾರು 160 ಯೆನ್. ಒಬ್ಬ 1 ಕೋಟಿ 60 ಲಕ್ಷ ಯೆನ್ ಸಾಲ ತಂದ ಎನ್ನಿ. ಅವನ ಕೈಗೆ 1 ಲಕ್ಷ ಡಾಲರ್ ಬಂತು. ಅದನ್ನು ವರ್ಷಕ್ಕೆ 5 ಶೇಕಡಾ ಬರುವಲ್ಲಿ ಹಾಕಿದ. ವರ್ಷ ತುಂಬಿದರೆ 5,000 ಡಾಲರ್ ಲಾಭ. ಜುಲೈ 31ರಂದು ಜಪಾನಿನ ಕೇಂದ್ರ ಬ್ಯಾಂಕ್ ಬಡ್ಡಿಯನ್ನು 0.25ಕ್ಕೆ ಏರಿಸಿತು. ಅದೇ ವಾರ ಅಮೆರಿಕದ ಉದ್ಯೋಗದ ಅಂಕಿ ಅಂಶ ನಿರಾಸೆ ತಂದಿತು. ಆಗಸ್ಟ್ 5ಕ್ಕೆ ಯೆನ್ 142ರ ಹತ್ತಿರ. ಈಗ ಅದೇ 1 ಕೋಟಿ 60 ಲಕ್ಷ ಯೆನ್ ತೀರಿಸಲು ಸುಮಾರು 1,12,700 ಡಾಲರ್ ಬೇಕು. ಒಂದು ವರ್ಷದ ಲಾಭದ ಎರಡೂವರೆ ಪಟ್ಟು ಒಂದೇ ತಿಂಗಳಿನಲ್ಲಿ ಕೈಬಿಟ್ಟುಹೋಯಿತು. ಅವನು ಸ್ವಂತದ 10,000 ಡಾಲರನ್ನು ಮಾರ್ಜಿನ್ ಎಂಬ ಭದ್ರತಾ ಹಣವಾಗಿ ಇಟ್ಟು ಈ ವ್ಯವಹಾರ ನಡೆಸಿದ್ದರೆ ಅದೂ ಪೂರ್ತಿ ಹೋಯಿತು. ಬ್ರೋಕರ್ ಕೇಳದೆಯೇ ಅವನ ಹೂಡಿಕೆ ಮಾರಿ, ಯೆನ್ ಕೊಂಡು, ಸಾಲ ಚುಕ್ತಾ ಮಾಡುತ್ತಾನೆ. ಹಾಗೆ ಕೊಂಡದ್ದರಿಂದ ಯೆನ್ ಇನ್ನಷ್ಟು ಏರಿ ಪಕ್ಕದವನ ಮಾರ್ಜಿನ್ ಮುಗಿಯುತ್ತದೆ. ಆ ದಿನ ಟೋಕಿಯೋದ ನಿಕೇಯಿ ಸೂಚ್ಯಂಕ 12.4 ಶೇಕಡಾ ಬಿತ್ತು.

ಪತ್ರಿಕೆಗಳು ಇದನ್ನೇ "ಹೂಡಿಕೆದಾರರು ಸುರಕ್ಷಿತ ಯೆನ್‌ನತ್ತ" ಎಂದು ಬರೆಯುತ್ತವೆ. ಸುರಕ್ಷತೆ ಹುಡುಕಿ ಬಂದವರೂ ಅವರಲ್ಲಿ ಇರುತ್ತಾರೆ, ನಿಜ. ಆದರೆ ಬೆಲೆಯನ್ನು ದಿಢೀರ್ ಎಂದು ಎತ್ತುವವರು ಸಾಲ ತೀರಿಸಲು ಓಡುತ್ತಿರುವವರು.

ಉಪನ್ಯಾಸಕ_ಕಡೂರು

ಚಿನ್ನದ ವಿಷಯದಲ್ಲಿ ತಿದ್ದಿದ್ದಕ್ಕೆ ಧನ್ಯವಾದ, ತರಗತಿಯಲ್ಲೂ ಅದನ್ನು ಸರಿಪಡಿಸುತ್ತೇನೆ. ಆದರೂ ಬಿಕ್ಕಟ್ಟಿನಲ್ಲಿ ಯೆನ್ ಏರುತ್ತದೆ ಎಂಬುದು ನಿಯಮವಾಗಿ ನಿಲ್ಲುತ್ತದೆ ಅಲ್ಲವೇ?

ಸಕಲೇಶಪುರ_ಓದುಗಿ

ನಿಲ್ಲುವುದಿಲ್ಲ ಸರ್. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಡಾಲರಿಗೆ 115 ಯೆನ್ ಇತ್ತು. ಅಕ್ಟೋಬರ್ ಹೊತ್ತಿಗೆ 150 ದಾಟಿತು. ಯುದ್ಧದ ನಡುವೆಯೇ ಯೆನ್ ಕುಸಿಯಿತು. ಜಪಾನ್ ತೈಲ, ಅನಿಲ ಎಲ್ಲವನ್ನೂ ಹೊರಗಿನಿಂದ ತರುವ ದೇಶ. ಅವುಗಳ ಬೆಲೆ ಏರಿತು, ಅಮೆರಿಕದ ಬಡ್ಡಿಯೂ ಏರಿತು. ಸಾಲ ತಂದವರು ತೀರಿಸುವ ಬದಲು ಇನ್ನಷ್ಟು ಸಾಲ ತಂದರು.

ಹಾಸನ_ನಿವೃತ್ತ

ಸರಿಯಾಗಿ ಹೇಳಿದಿರಿ. ಬಿಕ್ಕಟ್ಟು ಯಾವ ಬಗೆಯದು ಎಂದು ನೋಡದೆ ತಾಣದ ಹೆಸರು ಹೇಳಲಾಗದು. ಷೇರು ಬಿದ್ದು ಬಡ್ಡಿ ಇಳಿಯುವ ಬಿಕ್ಕಟ್ಟು ಯೆನ್‌ಗೆ ಅನುಕೂಲ. ತೈಲ ಏರಿ ಬಡ್ಡಿ ಹೆಚ್ಚುವ ಬಿಕ್ಕಟ್ಟು ಅದಕ್ಕೆ ಪೆಟ್ಟು.

ತೆಂಗು_ಅರಸೀಕೆರೆ

ನನ್ನದೊಂದು ಅನುಭವ. ಕಳೆದ ವರ್ಷ ಕೊಬ್ಬರಿ ಮಾರಿದ ಹಣದಲ್ಲಿ 80,000 ರೂಪಾಯಿಯನ್ನು ಮೊಬೈಲಿನಲ್ಲಿ ಸಿಕ್ಕ ಒಂದು ಫಾರೆಕ್ಸ್ ಆ್ಯಪ್‌ಗೆ ಹಾಕಿದೆ. "ಯುದ್ಧ ಬಂದಿದೆ, ಫ್ರಾಂಕ್ ಕೊಳ್ಳಿ, ನೂರು ಪಟ್ಟು ಸಾಲ ನಾವು ಕೊಡುತ್ತೇವೆ" ಎಂದರು. ಫ್ರಾಂಕ್ ಏರಿದ್ದು ನಿಜ. ಆದರೆ ಅದಕ್ಕೆ ಮೊದಲು ಒಂದು ಮಧ್ಯಾಹ್ನ ಸ್ವಲ್ಪ ಇಳಿಯಿತು, ಖಾತೆ ಸೊನ್ನೆಯಾಯಿತು. ದಿಕ್ಕು ಸರಿ ಹಿಡಿದೂ ಹಣ ಕಳೆದುಕೊಂಡೆ. ಈಗ ಆ ಆ್ಯಪ್ ತೆರೆಯುವುದೇ ಇಲ್ಲ.

ಹಾಸನ_ನಿವೃತ್ತ

ಕೇಳಿ ಬಹಳ ನೋವಾಯಿತು. ನೂರು ಪಟ್ಟು ಸಾಲ ಎಂದರೆ ದರ ಒಂದು ಶೇಕಡಾ ಎದುರು ಸರಿದರೂ ಅಸಲು ಮುಗಿಯಿತು ಎಂದರ್ಥ. ಒಂದು ಶೇಕಡಾ ಎಂಬುದು ಬಿಕ್ಕಟ್ಟಿನ ದಿನಗಳಲ್ಲಿ ಬೆಳಗಿನ ತಿಂಡಿಗೂ ಊಟಕ್ಕೂ ನಡುವೆ ಆಗುವ ಅಲುಗಾಟ. 2015ರ ಜನವರಿ 15ರಂದು ಸ್ವಿಸ್ ಕೇಂದ್ರ ಬ್ಯಾಂಕ್ ಯೂರೋಗೆ 1.20 ಫ್ರಾಂಕ್ ಎಂಬ ಮಿತಿಯನ್ನು ಎಚ್ಚರಿಕೆ ಕೊಡದೆ ಕೈಬಿಟ್ಟಾಗ ಫ್ರಾಂಕ್ ನಿಮಿಷಗಳಲ್ಲಿ ಸುಮಾರು 30 ಶೇಕಡಾ ಜಿಗಿಯಿತು. ಬ್ರೋಕರ್ ಕಂಪನಿಗಳೇ ದಿವಾಳಿಯಾದವು. ಇಂಥ ಆ್ಯಪ್‌ಗಳ ಎಚ್ಚರಿಕೆಯ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ ತನ್ನ ಜಾಲತಾಣದಲ್ಲಿ ಹಾಕಿದೆ, ನೋಡಿ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅನುಮತಿ ಇದೆ ಎಂದು ತಿಳಿಯಬೇಡಿ. ಸೈಬರ್ ಅಪರಾಧದ 1930ಕ್ಕೆ ದೂರು ಕೊಟ್ಟಿರದಿದ್ದರೆ ಕೊಡಿ.

ಮೂಡಿಗೆರೆ_ತೋಟ

ಭತ್ತದ ಸಾಲದ ಮಾತು ಮನಸ್ಸಿಗೆ ಹತ್ತಿತು. ಈಗ ಇನ್ನೊಂದು ಪ್ರಶ್ನೆ. 2020ರ ಮಾರ್ಚ್‌ನಲ್ಲಿ ಚಿನ್ನವೂ ಬಿತ್ತು. ಆಗ ಅತ್ತೆಯವರು ಬಳೆ ಮಾರುವುದೋ ಬೇಡವೋ ಎಂದು ಚಿಕ್ಕಮಗಳೂರಿನ ಅಂಗಡಿಗೆ ಹೋಗಿ ಸುಮ್ಮನೆ ಹಿಂತಿರುಗಿದ್ದರು. ಭಯ ಅಷ್ಟು ಇದ್ದಾಗ ಚಿನ್ನ ಹೇಗೆ ಬೀಳುತ್ತದೆ?

ಹಾಸನ_ನಿವೃತ್ತ

ಈ ಮಾರ್ಚ್ ತಿಂಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅದರಲ್ಲಿ ಎರಡು ಬೇರೆ ಬೇರೆ ಓಟಗಳಿದ್ದವು.

ಮಾರ್ಚ್ 9ರ ವರೆಗೆ ಎಲ್ಲವೂ ಪುಸ್ತಕದಲ್ಲಿರುವಂತೆ ನಡೆಯಿತು. ಷೇರು ಬಿದ್ದವು. ಜನ ಅಮೆರಿಕ ಸರ್ಕಾರದ ಸಾಲಪತ್ರ, ಯೆನ್, ಚಿನ್ನ ಕೊಂಡರು. ಕೊಳ್ಳುವವರು ಹೆಚ್ಚಿ ಸಾಲಪತ್ರದ ಬೆಲೆ ಏರಿದಷ್ಟೂ ಅದರಿಂದ ಸಿಗುವ ಬಡ್ಡಿ ಇಳಿಯುತ್ತದೆ, ಹಾಗಾಗಿ ಹತ್ತು ವರ್ಷದ ಸಾಲಪತ್ರದ ಬಡ್ಡಿ ಹಿಂದೆಂದೂ ಕಾಣದ ಅರ್ಧ ಶೇಕಡಾದ ಮಟ್ಟಕ್ಕೆ ಇಳಿಯಿತು. ಚಿನ್ನ ಔನ್ಸಿಗೆ 1,700 ಡಾಲರ್ ಮುಟ್ಟಿತು. ಯೆನ್ 102ರ ಆಸುಪಾಸು.

ಅಲ್ಲಿಂದ ಗಾಳಿ ತಿರುಗಿತು. ಲಾಕ್‌ಡೌನ್ ಎಂದರೆ ವ್ಯಾಪಾರ ನಿಂತಂತೆ. ಆದಾಯ ನಿಂತರೂ ಸಂಬಳ, ಬಾಡಿಗೆ, ಸಾಲದ ಕಂತು ನಿಲ್ಲುವುದಿಲ್ಲ. ಎಲ್ಲರಿಗೂ ನಗದು ಬೇಕಾಯಿತು, ಅದೂ ಡಾಲರ್ ನಗದು. ಅಂಥ ಹೊತ್ತಿನಲ್ಲಿ ಮನುಷ್ಯ ಮಾರುವುದು ತನಗೆ ಬೇಡವಾದದ್ದನ್ನಲ್ಲ, ಮಾರಿದರೆ ಹೋಗುವಂಥದ್ದನ್ನು. ಕೆಟ್ಟ ಷೇರಿಗೆ ಗಿರಾಕಿ ಇಲ್ಲ, ಚಿನ್ನಕ್ಕೆ ಇದ್ದಾನೆ. ಆದ್ದರಿಂದ ಚಿನ್ನ ಹೋಯಿತು, ಹತ್ತು ದಿನಗಳಲ್ಲಿ 1,500ಕ್ಕಿಂತ ಕೆಳಗೆ. ಅಮೆರಿಕದ ಸಾಲಪತ್ರವನ್ನೂ ಮಾರಿದರು, ಅದರ ಬಡ್ಡಿ 1.2ರ ಹತ್ತಿರಕ್ಕೆ ಏರಿತು. ಯೆನ್ ಕೂಡ 111ರ ಕಡೆಗೆ ಬಿತ್ತು. ಏರಿದ್ದು ಡಾಲರ್ ಒಂದೇ. ಬೇರೆ ಪ್ರಮುಖ ಕರೆನ್ಸಿಗಳ ಎದುರು ಅದರ ಬಲ ಅಳೆಯುವ ಸೂಚ್ಯಂಕ 95ರಿಂದ 103ರ ಹತ್ತಿರಕ್ಕೆ ಹೋಯಿತು.

ಷೇರು ಬೀಳುವಾಗ ಚಿನ್ನ, ಅಮೆರಿಕದ ಸಾಲಪತ್ರ ಏರುತ್ತಿದ್ದರೆ ಅದು ಭಯದ ಓಟ. ಅವೂ ಷೇರಿನ ಜೊತೆ ಬಿದ್ದು ಡಾಲರ್ ಮಾತ್ರ ಏರುತ್ತಿದ್ದರೆ ಅದು ನಗದಿನ ಬರ. ಎರಡನೆಯದನ್ನು ಕಂಡಾಗ ನಮ್ಮ ವಿಭಾಗದಲ್ಲಿ ಎಲ್ಲರೂ ಮೌನವಾಗುತ್ತಿದ್ದೆವು. 2008ರಲ್ಲಿ ಅದನ್ನು ಕಣ್ಣಾರೆ ಕಂಡಿದ್ದೆ. ಡಾಲರ್ ಕೇಳಿ ಬೇರೆ ಬ್ಯಾಂಕಿಗೆ ಫೋನ್ ಮಾಡಿದರೆ ದರ ಹೇಳುವ ಮೊದಲು "ಎಷ್ಟು ಬೇಕು?" ಎಂದು ಕೇಳುತ್ತಿದ್ದರು. ದರಕ್ಕಿಂತ ಮೊದಲು ಮೊತ್ತ ಕೇಳಿದರೆ ಅವರ ಬಳಿಯೂ ಡಾಲರ್ ಇಲ್ಲ ಎಂದೇ ಅರ್ಥ.

ಈ ಬರ ಮುಗಿದದ್ದು ಧಣಿ ಕಣಜದ ಬಾಗಿಲು ತೆರೆದಾಗ. ಮಾರ್ಚ್ 15ರಂದು ಅಮೆರಿಕದ ಫೆಡರಲ್ ರಿಸರ್ವ್ ಕೆನಡಾ, ಇಂಗ್ಲೆಂಡ್, ಜಪಾನ್, ಯೂರೋಪ್, ಸ್ವಿಟ್ಜರ್‌ಲೆಂಡಿನ ಕೇಂದ್ರ ಬ್ಯಾಂಕುಗಳಿಗೆ ಹೆಚ್ಚು ಸಲೀಸಾಗಿ ಡಾಲರ್ ಕೊಡಲು ಒಪ್ಪಿತು. 19ರಂದು ಇನ್ನೂ ಒಂಬತ್ತು ದೇಶಗಳನ್ನು ಸೇರಿಸಿತು. ಬ್ರೆಜಿಲ್, ಮೆಕ್ಸಿಕೋ, ದಕ್ಷಿಣ ಕೊರಿಯಾ ಅದರಲ್ಲಿದ್ದವು. ಭಾರತ ಇರಲಿಲ್ಲ. ಆ ತಿಂಗಳು ವಿದೇಶಿ ಹೂಡಿಕೆದಾರರು ನಮ್ಮಲ್ಲಿಂದ ಒಂದು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಹಿಂತೆಗೆದರು, ರೂಪಾಯಿ 76 ದಾಟಿತು. ನಮ್ಮನ್ನು ಕಾಪಾಡಿದ್ದು ನಮ್ಮದೇ ಕಣಜ. ವಿದೇಶಿ ವಿನಿಮಯ ಸಂಗ್ರಹ ಎರಡೇ ವಾರಗಳಲ್ಲಿ ಸುಮಾರು 48,700 ಕೋಟಿ ಡಾಲರಿನಿಂದ 47,000 ಕೋಟಿಗೆ ಇಳಿಯಿತು.

ಕ್ಯೂರಿಂಗ್_ಲೆಕ್ಕಿಗ

ನಾನು ಹಾಸನದ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ರಫ್ತಿನ ಲೆಕ್ಕ ಬರೆಯುತ್ತೇನೆ. ಡಾಲರ್ ಏರಿದ ದಿನ ಬೆಳೆಗಾರರು ಫೋನ್ ಮಾಡಿ "ರೂಪಾಯಿ ಬಿತ್ತಲ್ಲ, ಮೂಟೆಗೆ ಎಷ್ಟು ಹೆಚ್ಚಿಗೆ ಕೊಡುತ್ತೀರಿ?" ಎಂದು ಕೇಳುತ್ತಾರೆ. ಹೆಚ್ಚು ಸಿಗದಿದ್ದಾಗ ನಮ್ಮ ಮೇಲೆ ಕೋಪ. ಅದಕ್ಕೆ ಕಾರಣ ಇಲ್ಲಿ ಹೇಳಬೇಕು ಅನ್ನಿಸಿತು.

ಅರೇಬಿಕಾಗೆ ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಎಂದು ಬೆಲೆ, ರೋಬಸ್ಟಾಗೆ ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು. ಡಾಲರ್ ಬಲವಾದಾಗ ನಮ್ಮ ರೂಪಾಯಿ ಮಾತ್ರ ಬೀಳುವುದಿಲ್ಲ, ಬ್ರೆಜಿಲಿನ ರಿಯಾಲ್ ನಮಗಿಂತ ಜೋರಾಗಿ ಬೀಳುತ್ತದೆ. 2008ರ ಆಗಸ್ಟ್‌ನಲ್ಲಿ ಡಾಲರಿಗೆ 1.6 ರಿಯಾಲ್ ಇದ್ದದ್ದು ಡಿಸೆಂಬರಿಗೆ 2.3 ದಾಟಿತ್ತು. ಅಲ್ಲಿನ ಬೆಳೆಗಾರನಿಗೆ ಕಡಿಮೆ ಡಾಲರಿಗೆ ಮಾರಿದರೂ ಕೈಗೆ ಮೊದಲಿನಷ್ಟೇ ದುಡ್ಡು ಬರುತ್ತದೆ, ಅವನು ಮಾರುತ್ತಾನೆ. ನ್ಯೂಯಾರ್ಕ್ ಇಳಿಯುತ್ತದೆ. ನ್ಯೂಯಾರ್ಕ್ 20 ಶೇಕಡಾ ಇಳಿದು ಡಾಲರ್ 8 ಶೇಕಡಾ ಏರಿದರೆ, ಮೊದಲು 10,000 ರೂಪಾಯಿ ಇದ್ದ ಮೂಟೆಗೆ ಈಗ 8,640. ಡಾಲರ್ ಏರಿಯೂ ನೀವು ಕಳೆದುಕೊಂಡಿರಿ.

ಇನ್ನೊಂದು ವಿಷಯ. ರಫ್ತುದಾರರು ಹಲವರು ಮುಂದೆ ಬರಬೇಕಾದ ಡಾಲರನ್ನು ಬ್ಯಾಂಕಿಗೆ ಮೊದಲೇ ಒಂದು ದರಕ್ಕೆ ಮಾರಿಟ್ಟಿರುತ್ತಾರೆ. ಆಮೇಲೆ ಡಾಲರ್ ಏರಿದರೂ ಅವರಿಗೆ ಸಿಗುವುದು ಹಳೆಯ ದರವೇ.

ಮೂಡಿಗೆರೆ_ತೋಟ

ಆದರೆ 2020ರ ಮಾರ್ಚ್‌ನಲ್ಲಿ ಅರೇಬಿಕಾ ಬಿದ್ದಂತೆ ನನಗೆ ನೆನಪಿಲ್ಲ. ಫೆಬ್ರವರಿಗಿಂತ ಮೇಲೇ ಇತ್ತು.

ಕ್ಯೂರಿಂಗ್_ಲೆಕ್ಕಿಗ

ನಿಮ್ಮ ನೆನಪು ಸರಿ. ಲಾಕ್‌ಡೌನ್ ಭಯಕ್ಕೆ ಜನ ಮನೆಗೆ ಕಾಫಿಪುಡಿ ತುಂಬಿಕೊಂಡರು, ಹಡಗು ಬರುತ್ತದೋ ಇಲ್ಲವೋ ಎಂದು ಹುರಿಯುವ ಕಂಪನಿಗಳೂ ಬೀಜ ಕೂಡಿಟ್ಟವು. ನಾನು ಹೇಳಿದ್ದು 2008ರ ಬಗೆಯ ಬಿಕ್ಕಟ್ಟಿಗೆ ಹೊಂದುತ್ತದೆ, ಎಲ್ಲದಕ್ಕೂ ಹೊಂದುವುದಿಲ್ಲ.

ಸಕಲೇಶಪುರ_ಓದುಗಿ

ನಿವೃತ್ತರೇ, ನಿಮ್ಮ ಭತ್ತದ ಕಥೆಗೆ 2025ರ ಏಪ್ರಿಲ್ ಒಪ್ಪುತ್ತದೆಯೇ? ಏಪ್ರಿಲ್ 2ರಂದು ಟ್ರಂಪ್ ಬಹುತೇಕ ಎಲ್ಲ ದೇಶಗಳ ಮೇಲೆ ಸುಂಕ ಘೋಷಿಸಿದರು. ಷೇರು ಕುಸಿದವು. ಅಮೆರಿಕದ ಹತ್ತು ವರ್ಷದ ಸಾಲಪತ್ರದ ಬಡ್ಡಿ ಒಂದು ವಾರದಲ್ಲಿ 4 ಶೇಕಡಾದಿಂದ 4.5ರ ಕಡೆಗೆ ಏರಿತು, ಅಂದರೆ ಅದನ್ನೂ ಮಾರಿದರು. 2020ರ ಲೆಕ್ಕದಲ್ಲಿ ಡಾಲರ್ ಏರಬೇಕಿತ್ತು. ಆದರೆ ಅದು ಇಳಿಯಿತು, ಸೂಚ್ಯಂಕ 100ಕ್ಕಿಂತ ಕೆಳಗೆ ಹೋಯಿತು. ಏರಿದ್ದು ಫ್ರಾಂಕ್, ಯೆನ್, ಚಿನ್ನ. ಇದು ಭಯದ ಓಟವೂ ಅಲ್ಲ, ನಗದಿನ ಬರವೂ ಅಲ್ಲ. ಧಣಿಯನ್ನೇ ಬಿಟ್ಟು ಹೋಗುವ ಓಟ.

ಹಾಸನ_ನಿವೃತ್ತ

ಆ ವಾರ ನನ್ನನ್ನೂ ಬಹಳ ಕಾಡಿತು. ನಾನು ಕಂಡಂತೆ ಆಗ ಡಾಲರಿನ ಕೊರತೆ ಉಂಟಾಗಿರಲಿಲ್ಲ, ಬ್ಯಾಂಕುಗಳು ಒಂದಕ್ಕೊಂದು ಕೊಡುತ್ತಲೇ ಇದ್ದವು. ಸಾಲ ತೀರಿಸಲು ಯಾರೂ ಪರದಾಡದಿದ್ದಾಗ ಉಳಿಯುವುದು ಇಷ್ಟ, ಅನಿಷ್ಟದ ಲೆಕ್ಕ ಮಾತ್ರ. ಅಮೆರಿಕದ ಷೇರುಗಳಲ್ಲಿ ತುಂಬ ಹಣ ಇಟ್ಟಿದ್ದ ಯೂರೋಪಿನ ನಿಧಿಗಳು ಡಾಲರ್ ಬಿದ್ದರೆ ಏನು ಗತಿ ಎಂದು ಮೊದಲ ಬಾರಿಗೆ ಯೋಚಿಸಿ ಡಾಲರನ್ನು ಮುಂಗಡವಾಗಿ ಮಾರತೊಡಗಿದವು. ಏಪ್ರಿಲ್ 9ರಂದು ಬಹುಪಾಲು ದೇಶಗಳ ಹೆಚ್ಚುವರಿ ಸುಂಕವನ್ನು 90 ದಿನ ತಡೆಹಿಡಿದದ್ದರಿಂದ ಅದು ನಗದಿನ ಬರದ ತನಕ ಹೋಗಲಿಲ್ಲ. ಹೋಗಿದ್ದರೆ ಡಾಲರ್ ಮತ್ತೆ ಏರುತ್ತಿತ್ತು ಎಂದೇ ನನ್ನ ಎಣಿಕೆ.

ಸಕಲೇಶಪುರ_ಓದುಗಿ

ನಾನು ಹಾಗೆ ಎಣಿಸುವುದಿಲ್ಲ. ಬರ ಬಂದಾಗ ಕಣಜದ ಬಾಗಿಲು ತೆರೆಯುತ್ತದೆ ಎಂಬ ಭರವಸೆಯ ಮೇಲೆ ನಿಮ್ಮ ಕಥೆ ನಿಂತಿದೆ. 2008ರಲ್ಲೂ 2020ರಲ್ಲೂ ತೆರೆದರು. ಮುಂದಿನ ಬಾರಿ ಇಂಥವರಿಗೆ ಕೊಡುತ್ತೇವೆ, ಇಂಥವರಿಗೆ ಇಲ್ಲ ಎಂದು ರಾಜಕೀಯ ಲೆಕ್ಕ ಹಾಕಿದರೆ? ಆ ಅನುಮಾನ ಬಂದ ದೇಶ ಇಂದಿನಿಂದಲೇ ಡಾಲರ್ ಸಾಲ ಕಡಿಮೆ ಮಾಡಿಕೊಳ್ಳುತ್ತದೆ. ಎಷ್ಟೋ ಕೇಂದ್ರ ಬ್ಯಾಂಕುಗಳು 2022ರಿಂದ ಇಷ್ಟೊಂದು ಚಿನ್ನ ಕೊಳ್ಳುತ್ತಿರುವುದು ಸುಮ್ಮನೆ ಅಲ್ಲ. ರಷ್ಯಾದ ಸಂಗ್ರಹವನ್ನು ತಡೆಹಿಡಿದದ್ದನ್ನು ಎಲ್ಲರೂ ನೋಡಿದ್ದಾರೆ.

ಹಾಸನ_ನಿವೃತ್ತ

ಸಾಲ ಕಡಿಮೆ ಮಾಡಿಕೊಳ್ಳಲು ಹತ್ತಾರು ವರ್ಷ ಬೇಕು ಎನ್ನುತ್ತೇನೆ ನಾನು. ಇಂದಿಗೂ ಜಗತ್ತಿನ ವಿನಿಮಯ ವ್ಯವಹಾರಗಳಲ್ಲಿ ನೂರಕ್ಕೆ ಸುಮಾರು 89ರಲ್ಲಿ ಒಂದು ಕಡೆ ಡಾಲರ್ ಇರುತ್ತದೆ. ಚಿನ್ನ ಕೂಡಿಡಬಹುದು, ಆದರೆ ನಾಳೆ ಬೆಳಿಗ್ಗೆ ವಾಯಿದೆ ಇರುವ ಡಾಲರ್ ಸಾಲವನ್ನು ಚಿನ್ನದಲ್ಲಿ ತೀರಿಸಲಾಗದು, ಮೊದಲು ಮಾರಬೇಕು. ಆದರೆ ಬಾಗಿಲಿನ ಬಗ್ಗೆ ನೀವು ಎತ್ತಿದ ಅನುಮಾನವನ್ನು ತಳ್ಳಿಹಾಕಲು ನನ್ನ ಬಳಿ ಮಾತಿಲ್ಲ.

ಮೂಡಿಗೆರೆ_ತೋಟ

ನೀವಿಬ್ಬರೂ ಮುಂದುವರಿಸಿ, ನಾನು ಓದುತ್ತಿರುತ್ತೇನೆ. ಪಲ್ಪರ್ ಮನೆಯ ಬಾಗಿಲಿಗೆ ಬಣ್ಣ ಹೊಡೆಸಿ ವರ್ಷಗಳಾದವು, ತಂದೆಯ ಅಂಕಿಗಳು ಅದರಡಿ ಹೋದವು. ನಾಳೆಯಿಂದ ಅಲ್ಲಿ ಡಾಲರ್ ದರದ ಪಕ್ಕದಲ್ಲಿ ಬ್ರೆಜಿಲಿನ ರಿಯಾಲ್ ದರವನ್ನೂ ಬರೆಯಬೇಕೆಂದಿದ್ದೇನೆ. ಲೆಕ್ಕಿಗರೇ, ಅದು ದಿನಾ ಎಲ್ಲಿ ಸಿಗುತ್ತದೆ?

ಕ್ಯೂರಿಂಗ್_ಲೆಕ್ಕಿಗ

ಮೊಬೈಲಿನಲ್ಲಿ `USD/BRL` ಎಂದು ಹುಡುಕಿ. ಅಲ್ಲಿ ಸಂಜೆಯಾದಾಗ ನಮ್ಮಲ್ಲಿ ಮಧ್ಯರಾತ್ರಿ ದಾಟಿರುತ್ತದೆ, ಆದ್ದರಿಂದ ಬೆಳಿಗ್ಗೆ ಆರಕ್ಕೆ ನೋಡಿದರೆ ಹಿಂದಿನ ದಿನದ ಕೊನೆಯ ದರ ಇರುತ್ತದೆ. ಮೂಟೆ ಮಾರುವ ಮೊದಲು ಅದನ್ನೂ ನ್ಯೂಯಾರ್ಕ್ ದರವನ್ನೂ ಒಟ್ಟಿಗೆ ಇಟ್ಟುಕೊಂಡು ನಮಗೆ ಫೋನ್ ಮಾಡಿ.